ಉಪ್ಪಿನ ದೀಪ ಆರಿಸಿ ಹೋದರು: ಬೋರ್‌ವೆಲ್ ನೀರಿನಲ್ಲಿ ಡಿಶ್‌ವಾಷರ್ ಬಳಸುವವರು ದಯವಿಟ್ಟು ಓದಿ

ಎಂಟು ತಿಂಗಳು ನಾನು ಮೋಸ ಹೋಗಿದ್ದು ಒಂದು ಪುಟ್ಟ ಕೆಂಪು ದೀಪದ ವಿಷಯದಲ್ಲಿ. ಆ ದೀಪವನ್ನು ಆರಿಸಿದವರಿಗೆ ಕಾಫಿ ಮಾಡಿಕೊಟ್ಟು, ಧನ್ಯವಾದವನ್ನೂ ಹೇಳಿ ಕಳುಹಿಸಿದ್ದೆ ಎಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಾವಿರುವುದು ಬೆಂಗಳೂರಿನ ಅಂಚಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಕಾವೇರಿ ಸಂಪರ್ಕವಿಲ್ಲ, ವರ್ಷವಿಡೀ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಡಿಶ್‌ವಾಷರ್ ಕೊಂಡ ಅಂಗಡಿಯವರು ಯಂತ್ರದ ಜೊತೆಗೇ 120 ‘ಆಲ್ ಇನ್ ಒನ್’ ಟ್ಯಾಬ್ಲೆಟ್‌ಗಳ ಡಬ್ಬವನ್ನೂ ಮಾರಿದರು. ಉಪ್ಪಿನ ಬಗ್ಗೆ ಕೇಳಿದ್ದಕ್ಕೆ, “ಮೇಡಂ, ಉಪ್ಪು, ರಿನ್ಸ್ ಏಡ್ ಎಲ್ಲವೂ ಇದರೊಳಗೇ ಇದೆ, ಸುಮ್ಮನೆ ದುಡ್ಡು ಏಕೆ ಹಾಳು ಮಾಡುತ್ತೀರಿ?” ಎಂದರು. ನನ್ನ ದುಡ್ಡಿನ ಮೇಲೆ ಅವರಿಗೆ ಎಷ್ಟು ಕಾಳಜಿ ಎಂದುಕೊಂಡೆ!

ಯಂತ್ರ ಜೋಡಿಸಲು ಬಂದ ತಂತ್ರಜ್ಞರು ಪೆನ್ನಿನಂಥ ಮೀಟರನ್ನು ನೀರಿಗೆ ಅದ್ದಿ, “ಟಿಡಿಎಸ್ 620 ಇದೆ, ಏನೂ ತೊಂದರೆಯಿಲ್ಲ” ಎಂದರು. ಆಗಲೇ ಯಂತ್ರದ ಫಲಕದ ಮೇಲೆ ಉಪ್ಪು ಮುಗಿದಿದೆ ಎಂಬ ಕೆಂಪು ದೀಪ ಉರಿಯುತ್ತಿತ್ತು. ಅದೇನೆಂದು ಕೇಳಿದೆ. ಅವರು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಮತ್ತೇನೋ ಒತ್ತಿದರು. ಪರದೆಯ ಮೇಲೆ H:00 ಎಂದು ಮೂಡಿತು, ದೀಪ ಆರಿತು. “ಈಗ ಸರಿಯಾಯಿತು ಮೇಡಂ, ಇನ್ನು ಇದು ತಲೆನೋವು ಕೊಡುವುದಿಲ್ಲ” ಎಂದರು.

ಸರಿಯಾಗಿದ್ದು ಏನು? ಅವರು ಯಂತ್ರದೊಳಗಿನ ನೀರು ಮೆದು ಮಾಡುವ ಭಾಗವನ್ನೇ ನಿಲ್ಲಿಸಿದ್ದರು. ನನ್ನ ಯಂತ್ರದಲ್ಲಿ H:00 ಎಂದರೆ ‘ಬರುವ ನೀರು ಮೆದುವಾಗಿಯೇ ಇದೆ, ಉಪ್ಪನ್ನು ಕೇಳಬೇಡ’ ಎಂದು ಅರ್ಥ. ಕೈಪಿಡಿಯಲ್ಲಿ ಅದು ಸ್ಪಷ್ಟವಾಗಿ ಅಚ್ಚಾಗಿತ್ತು. ನಾನು ಓದಿರಲಿಲ್ಲ.

ಎರಡನೆಯ ತಿಂಗಳಿನಲ್ಲಿ ಗಾಜಿನ ಲೋಟಗಳ ಮೇಲೆ ಹಾಲು ಬಳಿದಂತೆ ಮಸುಕು ಕಾಣಿಸಿತು. ಆಮೇಲೆ ಸ್ಟೀಲ್ ತಟ್ಟೆಗಳು ಮುಟ್ಟಿದರೆ ಒರಟೊರಟಾದವು. ಊರಿನಿಂದ ಬಂದಿದ್ದ ಅತ್ತೆಯವರು ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನಿಂದ ಒರೆಸಿ, “ಇದನ್ನು ತೊಳೆಯಲು ಮರೆತೆಯೇನಮ್ಮ?” ಎಂದು ಕೇಳಿದರು. ಯಂತ್ರ ಬೇಕೆಂದು ಹಟ ಹಿಡಿದವಳು ನಾನೇ ಆಗಿದ್ದರಿಂದ ಉತ್ತರ ಬಾಯಿಗೆ ಬರಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. “ರಿನ್ಸ್ ಏಡ್ ಹಾಕಿ ನೋಡಿ ಮೇಡಂ” ಎಂದರು. ಎಲ್ಲವೂ ಟ್ಯಾಬ್ಲೆಟ್ ಒಳಗೇ ಇದೆ ಎಂದವರು ಇವರೇ! ಆದರೂ ತಂದು ಹಾಕಿದೆ. ಲೋಟಗಳು ಬೇಗ ಒಣಗಿದವು, ಆದರೆ ಬಿಳುಪು ಹೋಗಲಿಲ್ಲ. “ಪ್ರಮಾಣವನ್ನು ಗರಿಷ್ಠಕ್ಕೆ ಏರಿಸಿ” ಎಂದರು. ಏರಿಸಿದೆ, ಬಿಳುಪಿನ ಮೇಲೆ ನೀಲಿ ಗೆರೆಗಳೂ ಸೇರಿಕೊಂಡವು. “ನಿಮ್ಮ ಅಡುಗೆಯಲ್ಲಿ ಎಣ್ಣೆ ಜಾಸ್ತಿ ಇರಬೇಕು, ಎರಡು ಟ್ಯಾಬ್ಲೆಟ್ ಹಾಕಿ” ಎಂದರು. ಅದನ್ನೂ ಮಾಡಿದೆ. ಡಬ್ಬ ಎರಡು ಪಟ್ಟು ವೇಗದಲ್ಲಿ ಖಾಲಿಯಾಯಿತು, ಮತ್ತೊಂದು ಡಬ್ಬವನ್ನು ಅವರಿಂದಲೇ ಕೊಂಡೆ. ಕೊನೆಗೆ ಸಿಕ್ಕ ಉತ್ತರ: “ನಿಮ್ಮ ನೀರೇ ಸರಿಯಿಲ್ಲ ಮೇಡಂ, ಅದಕ್ಕೆ ನಾವೇನು ಮಾಡುವುದು?” ನೀರಿಗೆ ಏನೂ ತೊಂದರೆಯಿಲ್ಲ ಎಂದು ಮೀಟರ್ ಅದ್ದಿ ಹೇಳಿದವರು ಅವರೇ ಕಳುಹಿಸಿದ ಮನುಷ್ಯರಲ್ಲವೇ?

ಕಟ್ಟಡದ ನೀರಿನ ಘಟಕ ನೋಡಿಕೊಳ್ಳುವ ಹಿರಿಯರೊಬ್ಬರ ಬಳಿ ಇದನ್ನು ಹೇಳಿಕೊಂಡಾಗ ಅವರು ಒಂದೇ ಮಾತು ಕೇಳಿದರು: “ಟಿಡಿಎಸ್ ಇರಲಿ, ಗಡಸುತನ ಎಷ್ಟಮ್ಮ?” ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳನ್ನೂ ಒಟ್ಟಾಗಿ ಅಂದಾಜು ಮಾಡುತ್ತದೆ, ಅದರಲ್ಲಿ ಪಾತ್ರೆಯ ಮೇಲೆ ಕೂರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಷ್ಟೆಂದು ಅದು ಹೇಳಲಾರದು. ಅವರು ಹನಿ ಹಾಕಿ ಬಣ್ಣ ಬದಲಾಗುವುದನ್ನು ಎಣಿಸುವ ಕಿಟ್ಟಿನಿಂದ ಅಳೆದರು. ಲೀಟರಿಗೆ 480 ಮಿಲಿಗ್ರಾಂ. ಯಂತ್ರದ ಕೈಪಿಡಿ ಬಳಸುವುದು ಜರ್ಮನ್ ಡಿಗ್ರಿಯನ್ನು; ಒಂದು ಡಿಗ್ರಿ ಎಂದರೆ ಸುಮಾರು 17.8 ಮಿಲಿಗ್ರಾಂ, ಹಾಗಾಗಿ ನಮ್ಮದು ಸುಮಾರು 27 ಡಿಗ್ರಿ. ನಾನು ಕೊಂಡ ಟ್ಯಾಬ್ಲೆಟ್ ಡಬ್ಬದ ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ, 21 ಡಿಗ್ರಿಗಿಂತ ಗಡಸಾದ ನೀರಿಗೆ ಉಪ್ಪನ್ನು ಪ್ರತ್ಯೇಕವಾಗಿ ಬಳಸಬೇಕು ಎಂದು ಬರೆದಿತ್ತು. ಡಬ್ಬದ ಮುಂಬದಿಯಲ್ಲಿ ಮಾತ್ರ ಉಪ್ಪಿನ ಚಿತ್ರ!

ಟ್ಯಾಬ್ಲೆಟ್ಟಿನೊಳಗಿನ ‘ಉಪ್ಪು’ ನಾವು ತಿಳಿದ ಉಪ್ಪಲ್ಲ. ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಪಾತ್ರೆಗೆ ಅಂಟದಂತೆ ತಡೆಯುವ ರಾಸಾಯನಿಕಗಳವು. ಅವುಗಳ ಶಕ್ತಿಗೆ ಮಿತಿಯಿದೆ. ಮೇಲಾಗಿ ಟ್ಯಾಬ್ಲೆಟ್ ಕರಗುವುದು ಮುಖ್ಯ ತೊಳೆತದಲ್ಲಿ, ಆ ನೀರು ಹೊರಗೆ ಹೋದ ಮೇಲೆ ಕೊನೆಯ ಜಾಲಿಸುವ ನೀರು ಬಹುಪಾಲು ಬರೀ ಗಡಸು ನೀರಾಗಿಯೇ ಬರುತ್ತದೆ, ಅದು ಪಾತ್ರೆಯ ಮೇಲೆ ಒಣಗಿದಾಗ ಸುಣ್ಣ ಉಳಿಯುತ್ತದೆ. ರಿನ್ಸ್ ಏಡ್ ಆ ಕೊನೆಯ ನೀರು ಹನಿಯಾಗಿ ನಿಲ್ಲದೆ ಜಾರಿ ಹೋಗುವಂತೆ ಮಾಡುತ್ತದೆಯೇ ಹೊರತು ನೀರನ್ನು ಮೆದುವಾಗಿಸುವುದಿಲ್ಲ. ಉಪ್ಪಾದರೋ ಪಾತ್ರೆಯನ್ನು ಮುಟ್ಟುವುದೇ ಇಲ್ಲ. ಯಂತ್ರದ ತಳದಲ್ಲಿರುವ ರಾಳದ ಮಣಿಗಳು ಒಳಬರುವ ನೀರಿನ ಕ್ಯಾಲ್ಸಿಯಂ ಅನ್ನು ಹಿಡಿದು ಸೋಡಿಯಂ ಅನ್ನು ಬಿಟ್ಟುಕೊಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಹರಿದು ಅವುಗಳನ್ನು ತೊಳೆದು ಮತ್ತೆ ಸಜ್ಜು ಮಾಡುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಇದನ್ನು ಮಾರುವವರಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ.

ಮಸುಕು ಸುಣ್ಣವೇ ಎಂದು ತಿಳಿಯಲು ಒಂದು ಲೋಟದ ಅರ್ಧಭಾಗವನ್ನು ವಿನೆಗರಿನಲ್ಲಿ ಅದ್ದಿಟ್ಟೆ. ಕಾಲು ಗಂಟೆಯಲ್ಲಿ ಆ ಅರ್ಧ ಹೊಳೆಯಿತು, ಉಳಿದರ್ಧ ಬೆಳ್ಳಗೇ ಇತ್ತು. ಹೀಗೆ ಹೋಗದಿದ್ದರೆ ಅದು ಗಾಜೇ ಸವೆದ ಗುರುತಾಗಿರಬಹುದು. ತೀರ ಮೆದು ನೀರು ಮತ್ತು ಹೆಚ್ಚು ಬಿಸಿಯಿಂದ ಹಾಗಾಗುತ್ತದೆ, ಅದಕ್ಕೆ ಉಪ್ಪು ಪರಿಹಾರವಲ್ಲ.

ಆಮೇಲೆ ಕೈಪಿಡಿ ತೆರೆದು 27 ಡಿಗ್ರಿಗೆ ಹೊಂದುವ H:06 ಅನ್ನು ಇಟ್ಟೆ. ಇಟ್ಟ ಕ್ಷಣವೇ ಕೆಂಪು ದೀಪ ಮತ್ತೆ ಹೊತ್ತಿಕೊಂಡಿತು. ಎಂಟು ತಿಂಗಳಿನಿಂದ ಆ ಬಡಪಾಯಿ ಯಂತ್ರ ಹೇಳಬೇಕೆಂದಿದ್ದ ಮಾತು ಅದೊಂದೇ. ಉಪ್ಪಿನ ಕೋಶಕ್ಕೆ ಮೊದಲ ಸಲ ಮಾತ್ರ ಪೂರ್ತಿ ನೀರು ತುಂಬಿ, ನಂತರ ಲಾಳಿಕೆಯಿಟ್ಟು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಡಿಶ್‌ವಾಷರ್ ಉಪ್ಪನ್ನು ಸುರಿದೆ. ಅಡುಗೆಯ ಅಯೋಡಿನ್ ಉಪ್ಪನ್ನು ಹಾಕಬೇಡಿ. ಪುಡಿಯಾಗಿರುವುದರಿಂದ ಅದು ಕಟ್ಟಿಕೊಳ್ಳುತ್ತದೆ, ಬೆರಕೆಗಳೂ ಇರುತ್ತವೆ. ಹೊರಗೆ ಚೆಲ್ಲಿದ ಉಪ್ಪುನೀರು ಸ್ಟೀಲನ್ನು ತಿನ್ನುವುದರಿಂದ ಕೂಡಲೇ ಒಂದು ತೊಳೆತವನ್ನು ಓಡಿಸಬೇಕು. ಹಳೆಯ ಪದರಕ್ಕೆ ಖಾಲಿ ಯಂತ್ರದಲ್ಲಿ ನಿಂಬೆ ಉಪ್ಪು ಹಾಕಿ ಬಿಸಿ ತೊಳೆತ ನಡೆಸಿದೆ. ನಾಲ್ಕೈದು ಸಲದ ನಂತರ ಹೊಸ ಬಿಳುಪು ಕೂರುವುದು ನಿಂತಿತು.

ಉಳಿದ ಟ್ಯಾಬ್ಲೆಟ್‌ಗಳನ್ನು ಎಸೆದಿಲ್ಲ. ಉಪ್ಪಿದ್ದರೆ ಅವು ಚೆನ್ನಾಗಿಯೇ ತೊಳೆಯುತ್ತವೆ, ಒಂದೇ ಸಾಕು, ರಿನ್ಸ್ ಏಡ್ ನಡುಮಟ್ಟದಲ್ಲಿದ್ದರೆ ಸಾಕು. ಮುಗಿದ ಮೇಲೆ ಪುಡಿಯನ್ನೇ ಕೊಳ್ಳುತ್ತೇನೆ, ಪಾತ್ರೆ ಕಡಿಮೆಯಿದ್ದ ದಿನ ಅರ್ಧ ಹಾಕಬಹುದು.

ಇದೆಲ್ಲವನ್ನೂ ಲೋಟದ ಚಿತ್ರದೊಂದಿಗೆ ಅಂಗಡಿಯವರಿಗೆ ಕಳುಹಿಸಿ, H:00 ಇಟ್ಟಿದ್ದೇಕೆ ಎಂದು ಕೇಳಿದೆ. “ದೀಪ ಉರಿದರೆ ಗ್ರಾಹಕರು ಪದೇ ಪದೇ ಫೋನ್ ಮಾಡುತ್ತಾರೆ ಮೇಡಂ” ಎಂದು ಬಂತು ಉತ್ತರ. ಎರಡನೆಯ ಡಬ್ಬದ ಹಣ ಹಿಂದಿರುಗಿಸಿ ಎಂದು ಬರೆದದ್ದಕ್ಕೆ ಇದುವರೆಗೆ ಉತ್ತರವಿಲ್ಲ.