ಕಂತು ನೆನಪಿಸುವ ಆ್ಯಪ್: ಮೂರು ವರ್ಷ ಬಳಸಿದ ಮೇಲೆ

ವಿಜಯಪುರದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಮನೆ ಸಾಲದ ಕಂತು ಪ್ರತಿ ತಿಂಗಳು 5ಕ್ಕೆ ಕಟ್ ಆಗುತ್ತೆ. ಒಂದು ಸಲ ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆಗಿ ಜಿಎಸ್‌ಟಿ ಸೇರಿ 590 ರೂಪಾಯಿ ಸುಮ್ನೆ ಹೋಯ್ತು. ಆಮೇಲೆ ಹಾಕಿಕೊಂಡ ಆ್ಯಪ್ ಇದು.

ನೆನಪಿಸೋ ಕೆಲಸದಲ್ಲಿ ಇದಕ್ಕೆ ಪೂರ್ತಿ ಅಂಕ. 2ನೇ ತಾರೀಕು ಬೆಳಿಗ್ಗೆ 7ಕ್ಕೆ, ನಾನು ಕಟ್ಟೆ ಮೇಲೆ ಚಹಾ ಹಿಡಿದು ಕೂತಾಗ, ಟಿಂಗ್ ಅಂತ ಬರುತ್ತೆ. ಅಲ್ಲೇ ಕೂತು ಅಂಗಡಿ ಖಾತೆಯಿಂದ ಸಾಲದ ಖಾತೆಗೆ ಹಣ ಹಾಕಿ, "ಹಾಕಿದೆ" ಅಂತ ಒತ್ತಿದರೆ ಮುಗೀತು. ಮೂರು ದಿನ ಮುಂಚೆ ಬರೋದೇ ಇದರ ಜಾಣತನ. ಯಾವನೋ ಗಿರಾಕಿ ಬಾಕಿ ಉಳಿಸಿದ್ರೆ ಫೋನ್ ಮಾಡಿ ವಸೂಲಿ ಮಾಡೋಕೂ ಟೈಮ್ ಸಿಗುತ್ತೆ.

ನಾನು ಬರೀತಿರೋದು ವರ್ಷಕ್ಕೊಮ್ಮೆ ಬರೋ ಇನ್ನೊಂದು ನೆನಪಿನ ಬಗ್ಗೆ. "ಸ್ವಲ್ಪ ಅಸಲು ಮುಂಗಡ ಕಟ್ಟಿದರೆ ಲಾಭವೇ, ನೋಡಿ" ಅಂತ ಕೇಳುತ್ತೆ. ಅದು ಸಾಲ ತಗೊಂಡ ತಿಂಗಳಿಗೇ ಬರುತ್ತೆ, ನನಗೆ ಆಗಸ್ಟ್. ಆಗಸ್ಟ್‌ನಲ್ಲಿ ನನ್ನ ಹತ್ರ ಏನಿರುತ್ತೆ? ತಿಕೋಟಾ ಕಡೆ ತಮ್ಮನ ಜೊತೆ ದ್ರಾಕ್ಷಿ ತೋಟ ಇದೆ, ಮಣೂಕ ಮಾರಿದ ದುಡ್ಡು ಬರೋದು ಮೇನಲ್ಲಿ. ಆಗಸ್ಟ್ ಹೊತ್ತಿಗೆ ಅದು ಗೊಬ್ಬರ, ಔಷಧಿ, ಮಕ್ಕಳ ಫೀಸು ಅಂತ ಕರಗಿರುತ್ತೆ. ತಾರೀಕು ಬದಲಿಸೋ ಆಯ್ಕೆ ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಸಿಕ್ಕಿತು, ಮೇ 10 ಇಟ್ಟೆ. ಅಲ್ಲಿಂದ ಇದರ ಮೇಲೆ ನಿಜಕ್ಕೂ ಪ್ರೀತಿ ಬಂತು.

2024ರ ಮೇನಲ್ಲಿ ಕೈಯಲ್ಲಿ 1 ಲಕ್ಷ 60 ಸಾವಿರ ಇತ್ತು. ಎಲ್ಲಾ ಮನೆ ಸಾಲಕ್ಕೇ ಹಾಕೋಣ ಅಂತಿದ್ದೆ. ಮನೆಯವಳು ಪರದೆ ನೋಡಿ ಅಂದಳು: "ರೀ, ಬ್ಯಾಂಕಿನ್ಯಾಗ ನನ್ನ ಪಾಟ್ಲಿ ಅದಾವ, ಮದಲ ಅವನ್ನ ಬಿಡಿಸ್ಕೊಂಡ ಬರ್ರಿ." ಬಂಗಾರದ ಸಾಲ 60 ಸಾವಿರ, ಬಡ್ಡಿ ಶೇ 11. ಮನೆ ಸಾಲದ್ದು ಶೇ 8.5. ಜಾಸ್ತಿ ಬಡ್ಡಿಯದ್ದು ಮೊದಲು ತೀರಬೇಕು, ಅಲ್ವಾ? ಬೇರೆ ಸಾಲ ಇದೆಯಾ ಅಂತ ಆ್ಯಪ್ ಕೇಳೋದೇ ಇಲ್ಲ. ಪಾಟ್ಲಿ ಮನೆಗೆ ಬಂತು, ಉಳಿದ 1 ಲಕ್ಷ ಮನೆ ಸಾಲಕ್ಕೆ.

ಎಡವಟ್ಟಾಗಿದ್ದು ಇಲ್ಲಿ. ನನ್ನ ಬಾಕಿ 18 ಲಕ್ಷ, ಉಳಿದದ್ದು 192 ಕಂತು, ಕಂತು 17,181. 1 ಲಕ್ಷ ಕಟ್ಟಿದರೆ ಸುಮಾರು 2.6 ಲಕ್ಷ ಬಡ್ಡಿ ಉಳಿಯುತ್ತೆ ಅಂತ ಆ್ಯಪ್ ತೋರಿಸಿತು. ಖುಷಿಯಿಂದ ಹೋಗಿ ಕಟ್ಟಿ ಬಂದೆ. ಫ್ಲೋಟಿಂಗ್ ಬಡ್ಡಿಯ ಮನೆ ಸಾಲಕ್ಕೆ ದಂಡ ಇಲ್ಲ, ಅದರಲ್ಲಿ ತೊಂದರೆ ಆಗಲಿಲ್ಲ. ಮುಂದಿನ ತಿಂಗಳು 2ಕ್ಕೆ ಆ್ಯಪ್ 17,181 ಅಂದಿತು, 5ಕ್ಕೆ ಬ್ಯಾಂಕ್ ಕಟ್ ಮಾಡಿದ್ದು 16,226. ಒಂದು ಕ್ಷಣ 955 ಉಳೀತು ಅಂತ ಹಿಗ್ಗಿದೆ. ಆಮೇಲೆ ತಲೆಗೆ ಹೊಳೀತು. ಕಂತು ಕಡಿಮೆ ಮಾಡಿ, 192 ತಿಂಗಳು ಹಾಗೇ ಬಿಟ್ಟಿದ್ದಾರೆ! ತಿಂಗಳಿಗೆ 955ರಂತೆ 192 ತಿಂಗಳಿಗೆ ಸುಮಾರು 1.83 ಲಕ್ಷ. ನಾನು ಕಟ್ಟಿದ 1 ಲಕ್ಷ ಕಳೆದರೆ ಉಳಿಯೋದು 83 ಸಾವಿರ. ಅದೇ ಕಂತು 17,181 ಆಗೇ ಇದ್ದರೆ 21 ಕಂತು ಮಾಯ, 171ಕ್ಕೆ ಸಾಲ ಮುಗೀತಿತ್ತು. ಆ 2.6 ಲಕ್ಷ ಬರೋದು ಈ ದಾರಿಯಲ್ಲಿ ಮಾತ್ರ. ಆ್ಯಪ್ ಲೆಕ್ಕ ತಪ್ಪಲ್ಲ, ಆದ್ರೆ "ಅವಧಿ ಕಡಿಮೆ ಮಾಡಿಸಿದರೆ" ಅನ್ನೋ ಷರತ್ತು ಎಲ್ಲೂ ಇಲ್ಲ. ಅದೇ ನನ್ನ ಸಿಟ್ಟು.

ಬ್ಯಾಂಕಿನ ಹುಡುಗನನ್ನ ಕೇಳಿದರೆ, "ಕಂತು ಕಡಿಮಿ ಆದ್ರ ಛಲೋ ಅಲ್ರಿ ಸರ?" ಅಂದ. ಕೈ ಬಿಗಿ ಇದ್ದವರಿಗೆ ಅದು ಛಲೋನೇ, ಅವನ ಮಾತನ್ನ ತೆಗೆದುಹಾಕಲ್ಲ. ನನಗೆ ಅಂಗಡಿ ನಡೀತಿದೆ, ಸಾಲ ಬೇಗ ತೀರಬೇಕು. ಅರ್ಜಿ ಬರೆದುಕೊಟ್ಟು ತಿದ್ದಿಸೋಕೆ ಎರಡು ಸಲ ಓಡಾಡಿದೆ.

ಇನ್ನೊಂದು ಸಣ್ಣ ಕಿರಿಕಿರಿ. 2025ರ ಫೆಬ್ರವರಿಯಿಂದ ಜೂನ್ ಒಳಗೆ ಆರ್‌ಬಿಐ ರೆಪೊ ದರವನ್ನ ಒಟ್ಟು ಶೇ 1ರಷ್ಟು ಇಳಿಸಿತು, ನನ್ನ ಸಾಲ ರೆಪೊಗೆ ಜೋಡಿಸಿದ್ದು, ಬಡ್ಡಿ ಇಳೀತು. ಆ್ಯಪ್ ಮಾತ್ರ ನಾನು ಮೊದಲು ತುಂಬಿದ 8.5ಕ್ಕೇ ಅಂಟಿಕೊಂಡಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್‌ನ ಅಸಲು ಬಾಕಿ, ಆ್ಯಪ್‌ನ ಬಾಕಿ ಎರಡೂ ತಾಳೆ ಆಗದಿದ್ದರೆ ಬಡ್ಡಿ ದರ ಹಳೇದು ಅಂತಲೇ ಮೊದಲ ಅನುಮಾನ. ಕೈಯಿಂದ ತಿದ್ದಿದೆ, ಸರಿಹೋಯ್ತು.

ಐದರಲ್ಲಿ ಮೂರು ಸ್ಟಾರ್. ತೆಗೆದುಹಾಕಲ್ಲ, 2ನೇ ತಾರೀಕಿನ ಆ ಟಿಂಗ್ ಬೇಕು. ಮೇ 10ರ ನೆನಪಿನ ಟಿಪ್ಪಣಿಯಲ್ಲಿ ಮಾತ್ರ ನಾನೇ ಒಂದು ಸಾಲು ಸೇರಿಸಿದ್ದೀನಿ: "ಕಂತು ಅಷ್ಟೇ ಇರಲಿ, ಅವಧಿ ಕಡಿಮೆ ಮಾಡಿ ಅಂತ ಅರ್ಜಿ ಕೊಡು, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬಾ."