ಬೂದಿ, ಬೇವು, ಒಣಮೆಣಸಿನಕಾಯಿ: ಅಲಸಂದೆ ಕಾಳು ಉಳಿದದ್ದು ಯಾವುದರಲ್ಲಿ?

ನಮ್ಮದು ತುಮಕೂರು ಕಡೆ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಅಲಸಂದೆ, ಅವರೆ, ತೊಗರಿ ಬರುತ್ತದೆ. ರಾಗಿಗೆ ಏನೂ ಹಾಕಬೇಕಿಲ್ಲ, ಅಷ್ಟು ಸಣ್ಣ ಕಾಳಿನೊಳಗೆ ಕೂತು ಬೆಳೆಯೋಕೆ ಹುಳಕ್ಕೆ ಜಾಗವೇ ಇಲ್ಲ. ಹಿಂದಿನವರು ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ತಿಂದದ್ದೂ ಅದಕ್ಕೇ. ತಲೆನೋವು ಅಲಸಂದೆಯದು. ಹೆಸರುಕಾಳೂ ಅಷ್ಟೇ. ಹಾಗಾಗಿ ಈ ವಿಮರ್ಶೆ ಮುಖ್ಯವಾಗಿ ಅಲಸಂದೆ ಬಗ್ಗೆ. ಒಂದೇ ರಾಶಿಯ ಕಾಳನ್ನು ಹಲವು ವರ್ಷ ಬೇರೆ ಬೇರೆ ಡಬ್ಬಿಗೆ ಹಾಕಿ ನೋಡಿದ್ದೇವೆ.

ಮೊದಲು ಹುಳದ ವಿಷಯ. ಅದು ಡಬ್ಬಿಯಲ್ಲಿ ಹುಟ್ಟೋದಲ್ಲ, ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಮರಿ ಕಾಳಿನೊಳಗೆ ಕೊರೆದು ಹೋಗಿ, ಹೆಚ್ಚೂ ಕಮ್ಮಿ ಒಂದು ತಿಂಗಳಲ್ಲಿ ದುಂಡನೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಬಂದದ್ದು ಮತ್ತೆ ಪಕ್ಕದ ಕಾಳಿನ ಮೇಲೆ ಮೊಟ್ಟೆ ಇಡುತ್ತದೆ. ಕಾಳನ್ನು ಬೆಳಕಿಗೆ ಹಿಡಿದು ನೋಡಿ: ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದೇ ಮೊಟ್ಟೆ. ಸಿಪ್ಪೆಯ ಒಳಗೆ ಮಬ್ಬಾದ ದುಂಡು ಗುರುತು ಕಂಡರೆ ಹುಳ ಇನ್ನೇನು ಹೊರಗೆ ಬರುತ್ತದೆ ಅಂತ.

ಈಗ ಬೂದಿ. ಮೂರರಲ್ಲಿ ನಿಜವಾಗಿ ಕೆಲಸ ಮಾಡಿದ್ದು ಇದೊಂದೇ, ಐದಕ್ಕೆ ನಾಲ್ಕು ಕೊಡ್ತೀನಿ. ಆದರೆ ಮೇಲೆ ಒಂದು ಹಿಡಿ ಉದುರಿಸಿ ಸುಮ್ಮನಾದರೆ ಪ್ರಯೋಜನವಿಲ್ಲ. ನಾಲ್ಕು ಸೇರು ಕಾಳಿಗೆ ಮೂರು ಸೇರು ಬೂದಿ ಬೇಕು. ಹೌದು, ಅಷ್ಟು! ಸೌದೆ ಒಲೆಯ ಬೂದಿ ಪೂರ್ತಿ ಆರಿದ ಮೇಲೆ ಜರಡಿ ಹಿಡಿದು, ಕೆಂಡದ ಚೂರು ತೆಗೆದು, ಕಾಳಿನ ಜೊತೆ ಚೆನ್ನಾಗಿ ಕಲಸಬೇಕು. ಆಮೇಲೆ ಡಬ್ಬಿಗೆ ತಟ್ಟಿ ತಟ್ಟಿ ತುಂಬಿ, ಮೇಲೆ ಎರಡು ಬೆರಳು ದಪ್ಪ ಬರೀ ಬೂದಿ ಹಾಕಬೇಕು. ಕಾಳು ಕಾಳಿನ ನಡುವಿನ ಸಂದೆಲ್ಲ ತುಂಬಿಕೊಂಡರೆ ಹುಳಕ್ಕೆ ಓಡಾಡೋಕೆ, ಜೋಡಿ ಸೇರೋಕೆ, ಮೊಟ್ಟೆ ಇಡೋಕೆ ದಾರಿಯೇ ಇರಲ್ಲ. ಬೂದಿ ಅದರ ಮೈ ಮೇಲಿನ ಮೇಣವನ್ನೂ ಉಜ್ಜಿ ಒಣಗಿಸುತ್ತದೆ. ಆಗಲೇ ಕಾಳಿನ ಒಳಗಿರೋ ಮರಿಯನ್ನು ಮಾತ್ರ ಇದು ಕೊಲ್ಲಲ್ಲ. ಅದು ಹೊರಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮುಂದಿನ ಪೀಳಿಗೆ ಆಗಲ್ಲ. ಹಾಗಾಗಿ ಡಬ್ಬಿ ತೆಗೆದಾಗ ಅಲ್ಲೊಂದು ಇಲ್ಲೊಂದು ತೂತಿನ ಕಾಳು ಸಿಗುತ್ತದೆ, ಅದಕ್ಕೆ ಗಾಬರಿ ಬೇಡ. ಒಂದು ಅಂಕ ಕಳೆದಿದ್ದು ಕೆಲಸ ಜಾಸ್ತಿ ಅಂತ: ಕೇರಬೇಕು, ತೊಳೆಯಬೇಕು, ಮೂಗಿಗೆ ಬಟ್ಟೆ ಕಟ್ಟಬೇಕು. ಬಿತ್ತನೆ ಬೀಜಕ್ಕೆ ಇದಕ್ಕಿಂತ ಒಳ್ಳೇದು ಬೇಡ. ಅಕ್ಕಿಗೆ, ಬೇಳೆಗೆ ಬೂದಿ ಕಲಸೋ ಸಾಹಸ ಮಾಡಬೇಡಿ.

ಬೇವಿನ ಸೊಪ್ಪು: ಎರಡೂವರೆ. ಅಕ್ಕಿ ಡಬ್ಬಿಗೆ ಪರವಾಗಿಲ್ಲ, ಅಲಸಂದೆಗೆ ಸಾಲದು. ಬೇವಿನ ಕಸುವು ಹೆಚ್ಚಾಗಿ ಇರೋದು ಬೀಜದಲ್ಲಿ, ಎಲೆಯಲ್ಲಿ ಕಡಿಮೆ. ಕಹಿ ಅಂದಮಾತ್ರಕ್ಕೆ ಹುಳ ಸಾಯಲ್ಲ. ಹಸಿ ಸೊಪ್ಪನ್ನಂತೂ ಹಾಕಲೇಬೇಡಿ, ಅದರ ನೀರು ಕಾಳಿಗೆ ಇಳಿದು ಬೂಷ್ಟು ಬರುತ್ತದೆ. ನೆರಳಲ್ಲಿ ಪುಡಿಯಾಗುವಷ್ಟು ಒಣಗಿಸಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಪದರ ಪದರಕ್ಕೆ ಇಡಿ. ಗಂಟು ಕಟ್ಟದಿದ್ದರೆ ಎಲೆಯ ಚೂರು ಅನ್ನಕ್ಕೆ ಬಂದು ಮಕ್ಕಳು ತಟ್ಟೆ ಬಿಟ್ಟು ಏಳ್ತಾರೆ. ಎರಡು ಮೂರು ತಿಂಗಳಿಗೆ ಸೊಪ್ಪು ಬದಲಾಯಿಸಬೇಕು, ಮಳೆಗಾಲದಲ್ಲಿ ಇನ್ನೂ ಬೇಗ.

ಒಣಮೆಣಸಿನಕಾಯಿಗೆ ಒಂದು ಅಂಕ. ಅದೂ ಅಮ್ಮನ ಮೇಲಿನ ಗೌರವಕ್ಕೆ. ಅಕ್ಕಿಯಲ್ಲಿ ನಾಲ್ಕು ಬ್ಯಾಡಗಿ ಇಟ್ಟರೆ ಹುಳ ಬರಲ್ಲ ಅನ್ನೋದು ಎಲ್ಲರ ಬಾಯಲ್ಲೂ ಇದೆ, ಆದರೆ ನಮ್ಮ ಡಬ್ಬಿಯಲ್ಲಿ ಹುಳ ಮೆಣಸಿನಕಾಯಿ ಮೇಲೇ ಹತ್ತಿ ಇಳೀತಿತ್ತು. ತಮಾಷೆ ಅಂದರೆ ಒಣಮೆಣಸಿನಕಾಯಿಗೇ ಬೀಳೋ ಹುಳ ಬೇರೆ ಇದೆ. ಹಳೇ ಕಾಯಿ ಅಲ್ಲಾಡಿಸಿ ನೋಡಿ, ಒಳಗಿಂದ ಪುಡಿ ಉದುರಿದರೆ ಅದನ್ನು ಅಕ್ಕಿಗೆ ಹಾಕಬೇಡಿ.

ಇದೆಲ್ಲಕ್ಕೂ ಮೊದಲು ಬಿಸಿಲು. ಕಾಳು ಹಲ್ಲಿಗೆ ಇಟ್ಟರೆ ಕಟಕ್ ಅಂತ ಒಡೀಬೇಕು, ಮೆತ್ತಗೆ ತಗ್ಗಿದರೆ ಇನ್ನೂ ಒಣಗಿಲ್ಲ. ನಮ್ಮತ್ತೆ ಹೇಳೋದು, "ಒಣಗದ ಕಾಳಿಗೆ ಬೂದಿ ಹಾಕಿದ್ರೂ ಅಷ್ಟೇ, ವಿಭೂತಿ ಹಾಕಿದ್ರೂ ಅಷ್ಟೇ." ಒಳಗಿನ ಮರಿ ಸಾಯಬೇಕಾದರೆ ಬರೀ ಬಿಸಿಲೂ ಸಾಲದು. ಕಪ್ಪು ಹಾಳೆಯ ಮೇಲೆ ಕಾಳನ್ನು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಕಲ್ಲು ಇಟ್ಟು ಬಿಡಿ. ಒಳಗೆ 57 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ಗಂಟೆ ನಿಂತರೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಕಾಳು ತಣ್ಣಗಾದ ಮೇಲೇ ಡಬ್ಬಿಗೆ ತುಂಬಿ, ಬಿಸಿ ಇದ್ದಾಗ ತುಂಬಿದರೆ ಒಳಗೆ ಬೆವರುತ್ತದೆ.

ಪೇಟೆಯವರು ಬೂದಿ ಎಲ್ಲಿಂದ ತರೋದು ಅಂತ ಕೇಳ್ತಾರೆ. ಸೌದೆ ಒಲೆ ಇರೋ ಕಡೆ ಕೇಳಿ ತನ್ನಿ, ಆದರೆ ಆ ಒಲೆಗೆ ಪ್ಲಾಸ್ಟಿಕ್ಕು, ಬಣ್ಣ ಬಳಿದ ಹಲಗೆ ಹಾಕಿರಬಾರದು. ಊದುಬತ್ತಿ ಬೂದಿ ಬೇಡ.