ಸಂಜೆ ಕೆಲಸವೋ, ಶನಿವಾರ–ರವಿವಾರದ ಕೆಲಸವೋ?

ನಾನು ಬೈಲಹೊಂಗಲದಿಂದ ದಿನಾ ಬೆಳಗಾವಿಗೆ ಹೋಗಿ ಬಿ.ಕಾಂ. ಓದುತ್ತೇನೆ. ಮನೆಯಿಂದ ಕಾಲೇಜಿಗೆ ಹೆಚ್ಚುಕಮ್ಮಿ ಎರಡು ತಾಸು. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ. ಹಾಗಾಗಿ ಕೆಲಸ ಹುಡುಕುವಾಗ ನಾನು ತಾಸಿನ ಲೆಕ್ಕವನ್ನೇ ನೋಡುತ್ತೇನೆ. ವಾರಕ್ಕೆ 15 ತಾಸಿನ ಕೆಲಸವನ್ನು ಎರಡು ರೀತಿ ಮಾಡಿ ನೋಡಿದ್ದೇನೆ.

ಮೊದಲು ಕಾಲೇಜಿನ ಹತ್ತಿರದ ಝೆರಾಕ್ಸ್ ಅಂಗಡಿ. ಸೋಮವಾರದಿಂದ ಶುಕ್ರವಾರ, ಸಂಜೆ 4ರಿಂದ 7. ಹೇಗೂ ಬೆಳಗಾವಿಯಲ್ಲೇ ಇರುತ್ತೇವೆ, ಬೇರೆ ಓಡಾಟ ಬೇಡ. ಆದರೆ ಮನೆ ಮುಟ್ಟುವಾಗ 9 ಗಂಟೆ. ಊಟ ಆದ ಮೇಲೆ ಉಳಿಯುವುದು ಒಂದೇ ತಾಸು. ಅಷ್ಟರಲ್ಲಿ ನೋಟ್ಸ್ ಓದಬಹುದು, ಫೈನಲ್ ಅಕೌಂಟ್ಸ್ ಲೆಕ್ಕ ಮುಗಿಯುವುದಿಲ್ಲ. ಅದರಲ್ಲಿ ಪ್ರತಿ ಅಡ್ಜಸ್ಟ್‌ಮೆಂಟ್ ಎರಡು ಕಡೆ ಬರಬೇಕು. ಬಾಕಿ ಬಾಡಿಗೆಯನ್ನು ಲಾಭ-ನಷ್ಟದ ಖಾತೆಯಲ್ಲಿ ಕೂಡಿಸಿ ಮಲಗಿದರೆ, ಮರುದಿನ ಬ್ಯಾಲೆನ್ಸ್ ಶೀಟಿನ ಹೊಣೆ ಕಡೆ ಬರೆಯುವುದು ಮರೆತುಹೋಗುತ್ತದೆ. ಆಮೇಲೆ ಎರಡೂ ಕಡೆಯ ಮೊತ್ತ ಕೂಡುವುದಿಲ್ಲ, ಮತ್ತೆ ಮೊದಲಿಂದ ಶುರು. ಇಂಥ ಕೆಲಸಕ್ಕೆ ಎರಡು ತಾಸು ಒಟ್ಟಿಗೆ ಬೇಕು.

ಇನ್ನೊಂದು ತೊಂದರೆ ಸೇರುವಾಗ ಯಾರಿಗೂ ಹೊಳೆಯುವುದಿಲ್ಲ. ಅಸೈನ್‌ಮೆಂಟ್ ಕೊಡುವ ವಾರವೇ ಝೆರಾಕ್ಸ್ ಅಂಗಡಿಗೆ ಸೀಸನ್. ನಮಗೆ ರಜೆ ಬೇಕಾದ ದಿನವೇ ಮಾಲೀಕರು "ಇವತ್ತೊಂದ ದಿನ ಸ್ವಲ್ಪ ಹೊತ್ತ ನಿಂದ್ರವಾ" ಅನ್ನುತ್ತಾರೆ. ಒಂದು ಬಸ್ ತಪ್ಪಿದರೆ ರಾತ್ರಿ ಮುಂದಿನದಕ್ಕೆ ಕಾಯಬೇಕು.

ಎರಡನೆಯದು ಖಡೇಬಜಾರ್ ಕಡೆಯ ಬಟ್ಟೆ ಅಂಗಡಿ. ಶನಿವಾರ ಮಧ್ಯಾಹ್ನ 2ರಿಂದ 8, ರವಿವಾರ 10ರಿಂದ 7. ರವಿವಾರಕ್ಕೆಂದೇ ಹೋಗಿಬರಲು ನಾಲ್ಕು ತಾಸು ಜಾಸ್ತಿ ಹೋಗುತ್ತದೆ. ಮನೆಯಲ್ಲಿ ಆರಾಮಾಗಿರಲು ಒಂದು ದಿನವೂ ಸಿಗುವುದಿಲ್ಲ, ಅದು ಸಣ್ಣ ಮಾತಲ್ಲ. ಆದರೆ ಸೋಮವಾರದಿಂದ ಶುಕ್ರವಾರ 6ಕ್ಕೆ ಮನೆಯಲ್ಲಿರುತ್ತೇನೆ. 7ರಿಂದ 9 ಅಸೈನ್‌ಮೆಂಟ್‌ಗೆ ಮೀಸಲು.

ಇಲ್ಲಿ ಕಾಯ್ದುಕೊಳ್ಳಬೇಕಾದ್ದು ಸೋಮವಾರದ ಮೊದಲ ಪಿರಿಯಡ್. ರವಿವಾರ ರಾತ್ರಿಯ ದಣಿವಿಗೆ ಬೆಳಗಿನ ಬಸ್ ತಪ್ಪಿದರೆ ಪ್ರತಿ ಸಲ ಅದೇ ಸಬ್ಜೆಕ್ಟಿಗೆ ಏಟು. ಹಾಜರಾತಿ ಶೇ. 75 ಬೇಕು, ಅಲ್ವಾ? 60 ಕ್ಲಾಸ್ ನಡೆದರೆ ತಪ್ಪಿಸಬಹುದಾದ್ದು 15. ಜ್ವರ, ಮದುವೆ, ಜಾತ್ರೆ ಎಲ್ಲ ಅದರಲ್ಲೇ ಬರಬೇಕು. ಅದಕ್ಕೆ ಒಟ್ಟು ಹಾಜರಾತಿ ನೋಡಿ ಸುಮ್ನೆ ಕೂರಬಾರದು. ಸೋಮವಾರದ ಸಬ್ಜೆಕ್ಟನ್ನು ಬೇರೆಯಾಗಿ ಎಣಿಸಿಕೊಳ್ಳಿ.

ದೂರದಿಂದ ಓಡಾಡುವವರಿಗೆ ನನ್ನ ಆಯ್ಕೆ ಬಟ್ಟೆ ಅಂಗಡಿಯೇ. ದಸರಾ, ದೀಪಾವಳಿಗೆ ವಾರದ ನಡುವೆಯೂ ಕರೆಯುತ್ತಾರೆ, ಬರುವುದಿಲ್ಲ ಅಂತ ಸೇರುವಾಗಲೇ ಹೇಳಿಬಿಡಿ. ಬೆಳಗಾವಿಯಲ್ಲೇ ಹಾಸ್ಟೆಲ್ ಇದ್ದವರು ಮಾತ್ರ ಸಂಜೆ ಕೆಲಸ ಹಿಡಿಯಲಿ. ಅವರು ಏಳೂವರೆಗೆಲ್ಲ ರೂಮಿನಲ್ಲಿರುತ್ತಾರೆ, ರವಿವಾರವೂ ಉಳಿಯುತ್ತದೆ.